ನೀರಿನ ಕಲೆ ಹೋಗಿದ್ದು ನೀರಿನಿಂದಲೇ: ನನ್ನ ಸ್ವೇಡ್ ಶೂ ಅನುಭವ

ಮೇ ತಿಂಗಳ ಬೆಂಗಳೂರು ಮಳೆ ನಿಮಗೆ ಗೊತ್ತಲ್ವಾ, ಬರುವ ಸೂಚನೆಯನ್ನೇ ಕೊಡಲ್ಲ. ಬಸ್ ಸ್ಟಾಪ್ ಸೇರುವಷ್ಟರಲ್ಲಿ ಮೆತ್ತನೆ ಎಳೆಗಳ ಚರ್ಮದ ನನ್ನ ಮರಳು ಬಣ್ಣದ ಸ್ವೇಡ್ ಶೂ ಮೇಲೆ ಏಳೆಂಟು ದಪ್ಪ ಹನಿ ಬಿದ್ದಿದ್ದವು. ಬೆಳಿಗ್ಗೆ ನೋಡಿದರೆ ಎಡಗಾಲಿನ ಶೂ ತುದಿಯಲ್ಲಿ ರೂಪಾಯಿ ನಾಣ್ಯದಷ್ಟಗಲದ ಉಂಗುರಗಳು. ನಡುವೆ ಬಣ್ಣ ಮಾಮೂಲಿ, ಅಂಚಿನಲ್ಲಿ ಮಾತ್ರ ಕಂದು ಗೆರೆ.

ಒದ್ದೆ ಬಟ್ಟೆಯಿಂದ ಆ ಜಾಗವನ್ನಷ್ಟೇ ಉಜ್ಜಿದೆ. ಒಣಗಿದ ಮೇಲೆ ಉಂಗುರ ಇನ್ನೂ ದೊಡ್ಡದಾಗಿತ್ತು!

ಕಾರಣ ತಿಳಿದದ್ದು ಆಮೇಲೆ. ಚರ್ಮಕ್ಕೆ ಇಳಿದ ನೀರು ಒಳಗಿನ ಬಣ್ಣ, ಉಪ್ಪು, ಧೂಳನ್ನೆಲ್ಲ ಕರಗಿಸಿಕೊಂಡು ಹರಡುತ್ತದೆ. ಒದ್ದೆ ಮತ್ತು ಒಣ ಭಾಗ ಸೇರುವ ಗಡಿಯಲ್ಲಿ ಅದನ್ನೆಲ್ಲ ಬಿಟ್ಟು ಒಣಗುತ್ತದೆ. ಆ ಗಡಿಯೇ ಉಂಗುರ. ನಾನು ಉಜ್ಜಿದ್ದರಿಂದ ಆದದ್ದು ಇಷ್ಟೇ, ಗಡಿ ಸ್ವಲ್ಪ ಆಚೆ ಸರಿಯಿತು. ಹಾಗಾದರೆ ಇಡೀ ಶೂ ಒಂದೇ ಸಮ ಒದ್ದೆಯಾಗಿ ಒಂದೇ ಸಮ ಒಣಗಿದರೆ ಗಡಿಯೇ ಇರಲ್ಲ. ಅಮ್ಮನಿಗೆ ಹೇಳಿದಾಗ, "ನೀರಿನ ಕಲೆಗೆ ಮತ್ತೆ ನೀರೇನೋ? ಇದ್ದಿದ್ದನ್ನೂ ಹಾಳು ಮಾಡ್ತೀಯ" ಅಂದರು.

ಮೊದಲು ಲೇಸ್ ಬಿಚ್ಚಿ, ಒಣ ಶೂಗೆ ಚೆನ್ನಾಗಿ ಬ್ರಷ್ ಹಾಕಿದೆ. ಇದನ್ನು ಬಿಟ್ಟರೆ ಧೂಳು ನೀರಿನ ಜೊತೆ ಸೇರಿ ಕೆಸರಾಗಿ ಒಳಗೇ ಕೂರುತ್ತದೆ. ನಮ್ಮ ಮನೆಯ ಬೋರ್‌ವೆಲ್ ನೀರು ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಅದೇ ಉಪ್ಪು ಚರ್ಮದ ಮೇಲೂ ಉಳಿಯಬಹುದು. ಅದಕ್ಕೆ ಫಿಲ್ಟರಿನ ಆರ್‌ಒ ನೀರು ತಗೊಂಡೆ. ಸ್ಪಂಜನ್ನು ಅದ್ದಿ, ನೀರು ತೊಟ್ಟಿಕ್ಕದಷ್ಟು ಹಿಂಡಿ, ಶೂ ಪೂರ್ತಿ ಹಗುರವಾಗಿ ಒರೆಸಿದೆ. ಎಲ್ಲ ಕಡೆ ಒಂದೇ ಸಮ ಕಪ್ಪಾಗುವವರೆಗೆ ಒರೆಸಬೇಕು, ನೆನೆಹಾಕಬಾರದು. ಬಲಗಾಲಿನದಕ್ಕೆ ಕಲೆ ಇಲ್ಲದಿದ್ದರೂ ಹಾಗೇ ಮಾಡಿದೆ, ಇಲ್ಲದಿದ್ದರೆ ಜೋಡಿಯ ಬಣ್ಣ ಬೇರೆ ಬೇರೆ ಕಾಣಬಹುದು.

ಆಮೇಲೆ ಬಿಳಿ ಟವೆಲ್‌ನಿಂದ ಒತ್ತಿ ಒತ್ತಿ ನೀರು ತೆಗೆದೆ. ಆಕಾರ ಕೆಡದಿರಲಿ ಅಂತ ಒಳಗೆ ಬಿಳಿ ಹಾಳೆ ತುರುಕಿದೆ, ನ್ಯೂಸ್ ಪೇಪರ್ ಹಾಕಿದರೆ ಅದರ ಶಾಯಿ ಹತ್ತಬಹುದು. ಮೂರು ಗಂಟೆ ಬಿಟ್ಟು ಹಾಳೆ ಬದಲಾಯಿಸಿ ನೆರಳಿನಲ್ಲಿಟ್ಟೆ. ಬಿಸಿಲು, ಹೇರ್ ಡ್ರೈಯರ್ ಎರಡೂ ಬೇಡ, ಚರ್ಮ ಬಿಗಿದು ಗಡುಸಾಗುತ್ತದೆ.

ಮಾರನೇ ದಿನ ಮುಟ್ಟಿದರೆ ಹಪ್ಪಳದ ಹಾಗೆ ಬಿರುಸಾಗಿತ್ತು. ಎದೆ ಧಸಕ್ಕೆಂದಿತು. ಆದರೆ ಅದು ಎಳೆಗಳು ಅಂಟಿಕೊಂಡು ಮಲಗಿರುವುದಷ್ಟೇ. ರಬ್ಬರ್ ಹಲ್ಲಿನ ಕ್ರೇಪ್ ಬ್ರಷ್‌ನಿಂದ ಎಲ್ಲ ದಿಕ್ಕಿಗೂ ಉಜ್ಜಿ, ಕೊನೆಗೆ ಒಂದೇ ದಿಕ್ಕಿಗೆ ಎಳೆದೆ. ಹತ್ತು ನಿಮಿಷದಲ್ಲಿ ಮೆತ್ತಗಾಯಿತು. ಉಂಗುರಗಳೆಲ್ಲ ಮಾಯ, ಒಂದರ ಅರ್ಧ ಗೆರೆ ಮಾತ್ರ ಉಳಿದಿತ್ತು. ಅದಕ್ಕೆ ಕೆಟಲ್ ಹಬೆಯನ್ನು ಒಂದು ಗೇಣು ದೂರದಿಂದ ಮೂರ್ನಾಲ್ಕು ಸೆಕೆಂಡ್ ಹಿಡಿದು, ಸ್ವೇಡ್ ಎರೇಸರ್‌ನಿಂದ ಉಜ್ಜಿದೆ. ಹುಡುಕಿದರೆ ಈಗಲೂ ಕಾಣುತ್ತದೆ, ನನಗೆ ಮಾತ್ರ.

ಖುಷಿಯಲ್ಲಿ ತಮ್ಮನ ಬೂದು ನುಬಕ್ ಶೂಗೂ ಕೈ ಹಾಕಿ ಬೈಸಿಕೊಂಡೆ. ಸ್ವೇಡ್ ಅಂದರೆ ಚರ್ಮದ ಒಳಮೈ, ಎಳೆ ಉದ್ದ. ನುಬಕ್ ಹೊರಮೈಯನ್ನೇ ಉಜ್ಜಿ ಮಾಡಿದ್ದು, ಎಳೆ ಮಖಮಲ್ಲಿನ ಹಾಗೆ ಬಲು ಗಿಡ್ಡ. ಅದರ ಮೇಲೆ ಹಿತ್ತಾಳೆ ತಂತಿಯ ಬ್ರಷ್ ಎಳೆದುಬಿಟ್ಟೆ. ಸಣ್ಣ ಗೀರುಗಳು ಬಿದ್ದವು, ಇವತ್ತಿಗೂ ಹೋಗಿಲ್ಲ. ನುಬಕ್‌ಗೆ ಮೆತ್ತನೆಯ ಬ್ರಷ್, ಹಗುರ ಕೈ, ಅಷ್ಟೇ ಸಾಕು.

ಇನ್ನು ವಾಟರ್‌ಪ್ರೂಫ್ ಸ್ಪ್ರೇ. ಇದು ಕಲೆ ತೆಗೆಯಲ್ಲ. ಕಲೆ ಇದ್ದಾಗ ಹೊಡೆದರೆ ಆಮೇಲೆ ತೆಗೆಯುವುದೂ ಕಷ್ಟ, ನೀರೇ ಒಳಗೆ ಇಳಿಯಲ್ಲವಲ್ಲ. ಕಲೆ ಹೋದ ಮೇಲೂ ಇನ್ನೊಂದು ದಿನ ಒಣಗಲು ಬಿಟ್ಟೆ. ಕೆಲವು ಸ್ಪ್ರೇ ಬಣ್ಣ ಗಾಢ ಮಾಡುತ್ತವೆ, ಹಾಗಾಗಿ ಮೊದಲು ಶೂ ನಾಲಿಗೆಯ ಮರೆಯಲ್ಲಿ ಸ್ವಲ್ಪ ಹೊಡೆದು ನೋಡಿದೆ. ಬಾಲ್ಕನಿಯಲ್ಲಿ ನಿಂತು, ಸುಮಾರು 20 ಸೆಂಟಿಮೀಟರ್ ದೂರದಿಂದ, ತೆಳ್ಳಗೆ ಒಂದು ಪದರ. ಅರ್ಧ ಗಂಟೆ ಬಿಟ್ಟು ಇನ್ನೊಂದು. ಹತ್ತಿರದಿಂದ ಜಾಸ್ತಿ ಹೊಡೆದರೆ ಸ್ಪ್ರೇನೇ ಕಲೆಯಾಗುತ್ತದೆ. ರಾತ್ರಿಯಿಡೀ ಒಣಗಿಸಿ, ಬೆಳಿಗ್ಗೆ ಮೆಲ್ಲಗೆ ಬ್ರಷ್ ಮಾಡಿದೆ.

ಈಗ ತಿಂಗಳಿಗೊಮ್ಮೆ ಬೆರಳ ತುದಿಯಿಂದ ಒಂದು ಹನಿ ನೀರು ಹಾಕಿ ನೋಡುತ್ತೇನೆ. ಮುತ್ತಿನ ಹಾಗೆ ನಿಂತರೆ ಸ್ಪ್ರೇ ಇನ್ನೂ ಇದೆ. ಹರಡಿ ಕಪ್ಪಾದರೆ ಮತ್ತೆ ಹೊಡೆಯುವ ಹೊತ್ತಾಗಿದೆ. ಕಾಲ್ಬೆರಳು ಮಡಿಯುವ ಕಡೆ ಬೇಗ ಸವೆಯುತ್ತದೆ, ಹನಿ ಹಾಕುವುದಾದರೆ ಅಲ್ಲೇ ಹಾಕಿ.

ಜೂನ್‌ನಲ್ಲಿ ಮತ್ತೆ ಮಳೆಗೆ ಸಿಕ್ಕಿಕೊಂಡೆ. ಹನಿಗಳು ಉರುಳಿ ಹೋದವು, ಉಂಗುರ ಒಂದೂ ಇಲ್ಲ. ಆದರೆ ಅಟ್ಟೆಯ ಹೊಲಿಗೆಯಲ್ಲಿ ನೀರು ನುಗ್ಗಿ ಸಾಕ್ಸ್ ಪೂರ್ತಿ ತೊಯ್ದಿತ್ತು.