ಮುದುರಿದ ಪ್ಯಾಕೆಟ್ಟಲ್ಲಿ ಡೇಟು, ಬ್ಯಾಚ್ ನಂಬರ್ ಹುಡುಕೋದು ಹೇಗೆ?

ಮಿಕ್ಸ್ಚರ್, ಚಿಪ್ಸ್, ಖಾರದಪುಡಿ ಯಾವ್ದೇ ಪ್ಯಾಕೆಟ್ ಮನೆಗೆ ಬಂದ್ರೂ ನಾವು ಮೊದಲು ಮಾಡೋ ಕೆಲಸ ಅಂದ್ರೆ ಮೇಲಿನ ಅಂಚನ್ನ ಕತ್ತರೀಲಿ ಕಟ್ ಮಾಡಿ ಕಸಕ್ಕೆ ಹಾಕೋದು, ಆಮೇಲೆ ಒಳಗಿರೋದನ್ನ ಡಬ್ಬಿಗೆ ಸುರಿಯೋದು. ಎಷ್ಟೋ ಪ್ಯಾಕೆಟ್ಟಲ್ಲಿ ಡೇಟು, ಬ್ಯಾಚ್ ನಂಬರ್ ಎರಡೂ ಇರೋದೇ ಆ ಅಂಚಲ್ಲಿ. ಹದಿನೈದು ದಿನ ಆದ್ಮೇಲೆ ಡಬ್ಬಿ ತೆಗೆದು ಮೂಸಿ ನೋಡ್ಕೊಂಡು "ಇದು ಯಾವಾಗಿಂದೋ" ಅಂತ ಕೂತ್ರೆ ಏನೂ ಗೊತ್ತಾಗಲ್ಲ. ಹಾಗಾಗಿ ಕಟ್ ಮಾಡೋಕೆ ಮುಂಚೆ ಓದ್ಬಿಡಿ, ಆ ಪಟ್ಟಿನ ಡಬ್ಬಿ ಒಳಗೆ ಹಾಕ್ಬೇಡಿ, ಹೊರಗೆ ರಬ್ಬರ್ ಬ್ಯಾಂಡಲ್ಲಿ ಸಿಗಿಸಿ.

ಈಗ ಒಂದು ಉದಾಹರಣೆ ಇಟ್ಕೊಳ್ಳೋಣ. ತುಮಕೂರಿನ ಮಂಡಿಪೇಟೇಲಿ ತಿಂಗಳ ಸಾಮಾನು ತಗೊಂಡು ಶಿರಾ ಬಸ್ ಹತ್ತಿದೀರ, ಬ್ಯಾಗಿನ ತಳದಲ್ಲಿ ಮಿಕ್ಸ್ಚರ್ ಪ್ಯಾಕೆಟ್ಟು, ಅದರ ಮೇಲೆ ಬೆಲ್ಲ, ಅದರ ಮೇಲೆ ಎಣ್ಣೆ ಕ್ಯಾನು. ಮನೆಗೆ ಬರೋ ಹೊತ್ತಿಗೆ ಪ್ಯಾಕೆಟ್ ಮುದುರಿ ಹಪ್ಪಳ. ಡೇಟ್ ಎಲ್ಲಿ ಅಂತ ನೋಡಿದ್ರೆ "ಪ್ಯಾಕಿನ ಮೇಲ್ಭಾಗ ನೋಡಿ" ಅಂತ ಮಾತ್ರ ಬರೆದಿದೆ.

ಮೊದಲು ಹುಡುಕೋದು ಮೇಲೆ ಕೆಳಗೆ ಗೀರು ಗೀರಾಗಿ ಒತ್ತಿ ಅಂಟಿಸಿರೋ ಪಟ್ಟಿ. ಅಲ್ಲಿಲ್ಲ ಅಂದ್ರೆ ಪ್ಯಾಕೆಟ್ ತಿರುಗಿಸಿ, ಹಿಂದೆ ಉದ್ದಕ್ಕೆ ಒಂದು ಅಂಟಿಸಿರೋ ಮಡಿಕೆ ಇರತ್ತಲ್ಲ, ಅದನ್ನ ಬೆರಳಲ್ಲಿ ಎತ್ತಿ ಅದರ ಕೆಳಗೆ ನೋಡಿ. ತುಂಬಾ ಜನ ಇಲ್ಲೇ ಎಡವೋದು, ಮಡಿಕೆ ಒಂದು ಕಡೆಗೆ ಬಿದ್ದು ಅರ್ಧ ಅಕ್ಷರ ಮುಚ್ಕೊಂಡಿರತ್ತೆ. ಪ್ಯಾಕೆಟ್ ಇನ್ನೂ ಒಡೆದಿಲ್ಲ ಅಂದ್ರೆ ಒಂದು ತುದಿನ ಮೆಲ್ಲಗೆ ಅದುಮಿ, ಒಳಗಿರೋ ಗಾಳಿ ಇನ್ನೊಂದು ತುದಿಗೆ ಹೋಗಿ ಅಲ್ಲಿ ಕವರ್ ಉಬ್ಬತ್ತೆ, ಸುಕ್ಕು ತಾನಾಗೇ ಬಿಡತ್ತೆ. ಒಡೆದಿದ್ರೆ ಖಾಲಿ ಮಾಡಿ ಟೇಬಲ್ ಅಂಚಿಗೆ ಇಟ್ಟು ಎರಡೂ ಕಡೆ ಹಿಡಿದು ಎಳೀರಿ.

ಬೆಳ್ಳಿ ಬಣ್ಣದ ಕವರ್ ಆದ್ರೆ ಬೆಳಕು ನೇರವಾಗಿ ಬಿದ್ರೆ ಬರೀ ಹೊಳಪೇ ಕಾಣ್ಸತ್ತೆ. ಮೊಬೈಲ್ ಟಾರ್ಚನ್ನ ಪಕ್ಕದಿಂದ, ಕವರಿಗೆ ಹೆಚ್ಚೂಕಮ್ಮಿ ಮಲಗಿಸಿದಂಗೆ ಹಿಡೀರಿ, ಇಂಕಿಲ್ಲದೆ ಬರೀ ಒತ್ತಿರೋ ಅಕ್ಷರನೂ ನೆರಳು ಬಿದ್ದು ಎದ್ದು ಕಾಣ್ಸತ್ತೆ. ಒಂದು ಫೋಟೋ ತೆಗೆದು ಜೂಮ್ ಮಾಡಿ. ಸ್ಯಾನಿಟೈಸರ್ ಹಾಕಿ ಉಜ್ಜೋಕೆ ಮಾತ್ರ ಹೋಗ್ಬೇಡಿ, ಈ ಚುಕ್ಕಿ ಚುಕ್ಕಿ ಪ್ರಿಂಟಿನ ಇಂಕು ಎಷ್ಟೋ ಸಲ ಆಲ್ಕೋಹಾಲಿಗೆ ಕದಡಿ ಹೋಗತ್ತೆ, ಧೂಳಿದ್ರೆ ಒಣ ಬಟ್ಟೇಲಿ ಒರೆಸಿ ಸಾಕು.

ಸರಿ, ಸುಕ್ಕು ಬಿಡಿಸಿದ್ಮೇಲೆ ಹೀಗೆ ಕಾಣ್ತು ಅಂದ್ಕೊಳ್ಳಿ:

```
PKD 14/05/25
USE BY 10/11/25
B.NO TB134 14:22
```

ಅದರ ಜೊತೆಗೆ ಕವರಿನ ಮೇಲೇ ಸಣ್ಣಕ್ಷರದಲ್ಲಿ "ಪ್ಯಾಕ್ ಮಾಡಿದ ದಿನದಿಂದ 4 ತಿಂಗಳ ಒಳಗೆ ಬೆಸ್ಟ್ ಬಿಫೋರ್" ಅಂತನೂ ಇದೆ.

ಮೊದಲನೇ ಸಾಲು ಪ್ಯಾಕ್ ಮಾಡಿದ ದಿನ. ಕೆಲವು ಕಡೆ ಮ್ಯಾನುಫ್ಯಾಕ್ಚರಿಂಗ್ ಡೇಟ್ ಅಂತ ಎಂಎಫ್‌ಡಿ ಇರತ್ತೆ, ಅದು ತಯಾರಾದ ದಿನ. ಇದು ಎಷ್ಟು ಹಳೇದು ಅಂತ ಹೇಳತ್ತೇ ಹೊರತು ತಿನ್ಬಹುದಾ ಬೇಡ್ವಾ ಅಂತ ಹೇಳಲ್ಲ. ಅಂಗಡೀಲಿ ಎಷ್ಟೋ ಜನ ಇದೊಂದನ್ನೇ ನೋಡಿ "ಅಣ್ಣ, ಇದು ಮೇ ತಿಂಗಳದು, ಹಳೇದು ಕೊಡ್ತಿದೀರ" ಅಂತ ಜಗಳಕ್ಕೆ ನಿಲ್ತಾರೆ, ಪಾಪ ಅಂಗಡಿಯವರ ತಪ್ಪೇನಿಲ್ಲ ಅದರಲ್ಲಿ.

ಬೆಸ್ಟ್ ಬಿಫೋರ್ ಅನ್ನೋದು ರುಚಿ, ಗರಿಗರಿ, ಪರಿಮಳದ ಲೆಕ್ಕ. ಮೇ 14ಕ್ಕೆ ನಾಲ್ಕು ತಿಂಗಳು ಕೂಡಿಸಿದ್ರೆ ಸೆಪ್ಟೆಂಬರ್ 14. ಅಕ್ಟೋಬರಲ್ಲಿ ಒಡೆದ್ರೆ ಮಿಕ್ಸ್ಚರ್ ಸ್ವಲ್ಪ ಮೆತ್ತಗಾಗಿರಬಹುದು, ಕಡ್ಲೇಬೀಜ ಲೈಟಾಗಿ ಕಮಟು ವಾಸನೆ ಹೊಡೀಬಹುದು, ಆದ್ರೆ ಆ ಡೇಟ್ ದಾಟಿದ ತಕ್ಷಣ ಅದು ಕೆಟ್ಟೋಯ್ತು ಅಂತ ಅರ್ಥ ಅಲ್ಲ. ಯೂಸ್ ಬೈ ಹಂಗಲ್ಲ, ಎಕ್ಸ್‌ಪೈರಿ ಅಂತ ಬರೆದ್ರೂ ಅದೇ. ಅದು ಸುರಕ್ಷತೆಯ ಗೆರೆ, ಇಲ್ಲಿ ನವೆಂಬರ್ 10 ದಾಟಿದ್ರೆ ತಿನ್ನೋದೂ ಬೇಡ, ಅಂಗಡಿಯವರು ಮಾರೋದಕ್ಕೂ ಇಲ್ಲ. ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನವರ 2020ರ ಲೇಬಲ್ ನಿಯಮದ ಪ್ರಕಾರ ತಯಾರಾದ ಅಥವಾ ಪ್ಯಾಕ್ ಮಾಡಿದ ಡೇಟು, ಯೂಸ್ ಬೈ ಅಥವಾ ಎಕ್ಸ್‌ಪೈರಿ ಎರಡೂ ಹಾಕ್ಲೇಬೇಕು, ಬೆಸ್ಟ್ ಬಿಫೋರ್ ಹಾಕೋದು ಕಂಪನಿ ಇಷ್ಟ. ಅದಕ್ಕೇ ಒಂದೇ ಪ್ಯಾಕೆಟ್ಟಲ್ಲಿ ಮೂರೂ ಕಂಡ್ರೆ ಗಾಬರಿ ಬೇಡ, ಕೊನೆಗೆ ನಿರ್ಧಾರ ಮಾಡೋದು ಯೂಸ್ ಬೈ. ಆದ್ರೆ ಈ ಡೇಟುಗಳೆಲ್ಲ ಸೀಲ್ ಒಡೆಯದೆ, ಕವರ್ ಮೇಲೆ ಹೇಳಿದಂಗೆ ಇಟ್ಟಿದ್ರೆ ಮಾತ್ರ. ಬಿಸಿಲು ಹೊಡೆಯೋ ಕಡೆ ನೇತಾಕಿದ್ದ ಪ್ಯಾಕೆಟ್ಟಿಗೆ, ಒಡೆದು ಅರ್ಧ ತಿಂದು ಮಡಚಿಟ್ಟಿದ್ದಕ್ಕೆ ಆ ಲೆಕ್ಕ ನಡೆಯಲ್ಲ. ಫ್ರಿಜ್ಜಲ್ಲಿ ಇಡ್ಬೇಕಾದ ಪ್ಯಾಕೆಟ್ ಹಾಲು, ಪನೀರಿನ ವಿಷ್ಯದಲ್ಲಂತೂ ಡೇಟ್ ಒಳಗಿದ್ರೂ ಹೊರಗೆ ಎಷ್ಟು ಹೊತ್ತು ಬಿದ್ದಿತ್ತು ಅನ್ನೋದೇ ಮುಖ್ಯ.

ಇನ್ನು ಮೂರನೇ ಸಾಲು, ಬ್ಯಾಚ್ ನಂಬರ್. ಕೆಲವರು ಲಾಟ್ ನಂಬರ್ ಅಂತಾರೆ, ಕೆಲವರು ಕೋಡ್ ನಂಬರ್. ಇದರ ಲೆಕ್ಕ ಕಂಪನಿಗೊಂದು ಥರ, ನಾವು ಬಿಡಿಸ್ಲೇಬೇಕು ಅಂತಿಲ್ಲ. ಒಂದು ಮಾತ್ರ ಉಪಯೋಗಕ್ಕೆ ಬರತ್ತೆ: ಒಂದೇ ಕಂಪನಿಗೆ ನಾಲ್ಕಾರು ಫ್ಯಾಕ್ಟರಿ ಇದ್ರೆ ಕವರ್ ಮೇಲೆ ವಿಳಾಸಗಳ ಪಟ್ಟಿ ಕೊಟ್ಟು "ಬ್ಯಾಚ್ ನಂಬರಿನ ಮೊದಲ ಅಕ್ಷರ ನೋಡಿ" ಅಂತ ಬರೆದಿರ್ತಾರೆ, ನಮ್ಮ ಪ್ಯಾಕೆಟ್ಟಿನ ಮೊದಲ ಅಕ್ಷರ ಯಾವ ವಿಳಾಸದ ಮುಂದೆ ಇದೆಯೋ ಅಲ್ಲಿ ತಯಾರಾಗಿದ್ದು. ಮಧ್ಯದಲ್ಲಿರೋ 134 ಕೆಲವು ಕಂಪನಿ ಬಳಸೋ ವರ್ಷದ ದಿನದ ಲೆಕ್ಕ ಇರಬಹುದು, ಜನವರಿ 1ರಿಂದ ಎಣಿಸಿದ್ರೆ 2025ರ ಮೇ 14 ವರ್ಷದ 134ನೇ ದಿನವೇ, ಮೇಲಿನ ಡೇಟಿಗೆ ತಾಳೆ ಆಯ್ತು. ಕೊನೇಲಿರೋದು ಪ್ಯಾಕ್ ಆದ ಟೈಮ್, ಮಧ್ಯಾಹ್ನ 2 ಗಂಟೆ 22 ನಿಮಿಷ.

ಚುಕ್ಕಿ ಪ್ರಿಂಟಲ್ಲಿ ಒಂದೆರಡು ಚುಕ್ಕಿ ಅಳಿಸಿದ್ರೆ 8 ಹೋಗಿ 6 ಅಥವಾ 3 ಆಗತ್ತೆ, ಸೊನ್ನೆ ಇಂಗ್ಲಿಷಿನ ಓ ಥರ ಕಾಣತ್ತೆ. ಆಗ ಎರಡು ಡೇಟನ್ನ ಒಂದಕ್ಕೊಂದು ಹೊಂದಿಸಿ. ಪ್ಯಾಕ್ ಡೇಟಿಗಿಂತ ಯೂಸ್ ಬೈ ಮುಂಚೆ ಬಂದ್ರೆ, ತಿಂಗಳ ಜಾಗದಲ್ಲಿ 12ಕ್ಕಿಂತ ದೊಡ್ಡ ಅಂಕಿ ಕಂಡ್ರೆ ಓದಿದ್ದು ತಪ್ಪು, ಅಥವಾ ಹೊರದೇಶದ ಪ್ಯಾಕೆಟ್ಟಲ್ಲಿ ತಿಂಗಳು ಮೊದಲು ಬಂದಿರತ್ತೆ. ಡೇಟಿನ ಮೇಲೆ ಇನ್ನೊಂದು ಡೇಟ್ ಸ್ಟಿಕ್ಕರ್ ಅಂಟಿಸಿರೋದು ಕಂಡ್ರೆ ಆ ಪ್ಯಾಕೆಟ್ ವಾಪಸ್ ಇಟ್ಬಿಡಿ.

ಮಿಕ್ಸ್ಚರಲ್ಲಿ ಹುಳನೋ ದಾರನೋ ಸಿಕ್ತು ಅಂದ್ರೆ ಕಂಪನಿಗೆ ಫೋನ್ ಮಾಡಿದಾಗ ಬ್ಯಾಚ್ ನಂಬರ್ ಕೇಳೇ ಕೇಳ್ತಾರೆ, ಅದಿಲ್ದೆ ಆ ದಿನ ಅದೇ ಲೈನಲ್ಲಿ ಬಂದ ಬೇರೆ ಪ್ಯಾಕೆಟ್ ಯಾವ್ಯಾವ ಊರಿಗೆ ಹೋಗಿದೆ ಅಂತ ಅವರಿಗೂ ಹುಡುಕೋಕೆ ಕಷ್ಟ. ಮೂರೂ ಸಾಲು ಒಟ್ಟಿಗೆ ಬರೋ ಥರ ಒಂದು ಫೋಟೋ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರಿಂದು ಇನ್ನೊಂದು ಫೋಟೋ ಇಟ್ಕೊಳ್ಳಿ, ಕವರ್ ಬಿಸಾಕ್ಬೇಡಿ.

ಎಲ್ಲಾ ಮಾಡಿದ್ರೂ ಬ್ಯಾಚ್ ನಂಬರೇ ಸಿಗ್ಲಿಲ್ಲ ಅಂದ್ರೆ ಪ್ಯಾಕೆಟ್ ಸೈಜ್ ನೋಡಿ. ಹೊರಮೈ 100 ಚದರ ಸೆಂಟಿಮೀಟರ್ ದಾಟದ ಪುಟ್ಟ ಪ್ಯಾಕೆಟ್ಟಿಗೆ ಬ್ಯಾಚ್ ನಂಬರ್ ಹಾಕೋದ್ರಿಂದ ವಿನಾಯ್ತಿ ಇದೆ, ಅದು ಬಂದಿರೋ ದೊಡ್ಡ ಬಾಕ್ಸಿನ ಮೇಲೆ ಇರ್ಬೇಕು. ಚಿಲ್ಲರೆ ಅಂಗಡೀಲಿ ಮಕ್ಕಳು ತಗೊಳ್ಳೋ ಎರಡು ರೂಪಾಯಿ ಐಟಂ ಎಲ್ಲ ಸಾಮಾನ್ಯವಾಗಿ ಈ ಗುಂಪಿಗೇ ಬರೋದು. "ಅಣ್ಣ, ಇದು ಬಂದಿರೋ ಡಬ್ಬ ಒಂಚೂರು ತೋರ್ಸಿ" ಅಂತ ಕೇಳಿ, ತೋರ್ಸೋಕೆ ಅವರಿಗೇನೂ ಕಷ್ಟ ಇಲ್ಲ, ಡಬ್ಬ ಎಸೆದಿದ್ರೆ ಮಾತ್ರ ಬೇರೆ ಐಟಂ ತಗೊಳ್ಳಿ.