ವೀಸಾ ಫೈಲಿಗೆ ಟಿಕೆಟ್, ಹೋಟೆಲ್: ದುಡ್ಡು ಕಳೆದುಕೊಳ್ಳದೆ ಬುಕ್ ಮಾಡುವುದು ಹೇಗೆ?

ಯುರೋಪಿನ ಶೆಂಗೆನ್ ವೀಸಾಗೆ ಅರ್ಜಿ ಹಾಕುವವರೆಲ್ಲ ಮೊದಲು ಕೇಳುವುದು ಇದನ್ನೇ: ವೀಸಾ ಬರುವ ಮೊದಲೇ ಟಿಕೆಟ್ ತೋರಿಸಬೇಕಂತೆ, ಬರದಿದ್ದರೆ ದುಡ್ಡು ಹೋಯಿತಲ್ವಾ? ನಿಯಮ ಅಷ್ಟು ಬಿಗಿಯಾಗಿಲ್ಲ. ಹೋಗಿ ಬರುವ ಪ್ರಯಾಣದ ರಿಸರ್ವೇಶನ್ ಇದ್ದರೂ ಸಾಕು, ದುಡ್ಡು ಕಟ್ಟಿದ ಟಿಕೆಟ್ಟೇ ಬೇಕೆಂದಿಲ್ಲ. ಆದರೂ ನೀವು ಅರ್ಜಿ ಹಾಕುವ ದೇಶದ ಚೆಕ್‌ಲಿಸ್ಟನ್ನು ಒಮ್ಮೆ ಪೂರ್ತಿ ಓದಿಬಿಡಿ.

ಮೊದಲು ಕ್ಯಾಲೆಂಡರ್ ಹಿಡಿದು ಕುಳಿತುಕೊಳ್ಳಿ. ಒಂದು ಉದಾಹರಣೆ ನೋಡೋಣ. ಗಂಡ ಹೆಂಡತಿ ಮೇ 10ರ ನಸುಕಿಗೆ ಬೆಂಗಳೂರಿನಿಂದ ಹೊರಡುತ್ತಾರೆ. ಪ್ಯಾರಿಸ್‌ನಲ್ಲಿ ಐದು ರಾತ್ರಿ, ಅಲ್ಲಿಂದ ರೈಲಿನಲ್ಲಿ ಆಮ್‌ಸ್ಟರ್‌ಡ್ಯಾಮ್, ಅಲ್ಲಿ ಮೂರು ರಾತ್ರಿ. ಮೇ 18ಕ್ಕೆ ವಾಪಸ್ ವಿಮಾನ. ಜಾಸ್ತಿ ರಾತ್ರಿ ಫ್ರಾನ್ಸ್‌ನಲ್ಲಿ ಇರುವುದರಿಂದ ಅರ್ಜಿಯೂ ಫ್ರಾನ್ಸ್‌ಗೇ. ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಮಾರ್ಚ್ 20ಕ್ಕೆ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ, ಅಂದರೆ ಏಪ್ರಿಲ್ 4ರ ಹೊತ್ತಿಗೆ. ಆದರೆ ಕಾನೂನು 45 ದಿನದವರೆಗೂ ಅವಕಾಶ ಕೊಡುತ್ತದೆ. ಆಗ ಅದು ಮೇ 4ಕ್ಕೆ ಬಂದು ನಿಲ್ಲುತ್ತದೆ. ಈ ಮೇ 4ನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಹೋಟೆಲ್ ಸುಲಭ. ಬುಕಿಂಗ್ ಸೈಟಿನಲ್ಲಿ ಉಚಿತ ಕ್ಯಾನ್ಸಲೇಶನ್ ಇರುವ, ದುಡ್ಡನ್ನು ಹೋಟೆಲಿನಲ್ಲೇ ಕಟ್ಟುವ ಕೋಣೆಯನ್ನು ಆರಿಸಿ. ಕಡಿಮೆ ಬೆಲೆಯ ಕೋಣೆ ಮೇಲೆ ಕಾಣುತ್ತದೆ, ಅದು ಬಹಳ ಸಲ ವಾಪಸ್ ಇಲ್ಲದ್ದು. ಕ್ಯಾನ್ಸಲ್ ಮಾಡಲು ಕೊನೆಯ ದಿನ ಯಾವುದು ನೋಡಿ. ಏಪ್ರಿಲ್ 25 ಎಂದಿದ್ದರೆ ಬೇಡ, ವೀಸಾ ತಡವಾದರೆ ಸಿಕ್ಕಿಬೀಳುತ್ತೀರಿ. ಮೇ 8 ಎಂದಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಆ ಗಡುವು ಹೋಟೆಲ್ ಇರುವ ಊರಿನ ಸಮಯದಲ್ಲಿ ಇರುತ್ತದೆ ಎನ್ನುವುದೂ ನೆನಪಿರಲಿ. ಇಬ್ಬರ ಹೆಸರೂ ಕನ್ಫರ್ಮೇಶನ್‌ನಲ್ಲಿ ಬರಬೇಕು, ಎಂಟು ರಾತ್ರಿಯಲ್ಲಿ ಒಂದೂ ಬಿಟ್ಟುಹೋಗಬಾರದು. ಕಾರ್ಡ್ ವಿವರ ಕೇಳುತ್ತಾರೆ, ಹಾಗಾಗಿ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿಟ್ಟುಕೊಳ್ಳಿ.

ತಲೆನೋವು ಇರುವುದು ವಿಮಾನದ್ದು. ದಾರಿ ಎರಡು.

ಒಂದು, ಹೋಲ್ಡ್. ಕೆಲವು ವಿಮಾನ ಕಂಪನಿಗಳು ಸ್ವಲ್ಪ ಶುಲ್ಕ ತೆಗೆದುಕೊಂಡು ಒಂದೆರಡು ದಿನ ಸೀಟು ಹಿಡಿದಿಡುತ್ತವೆ. ಟ್ರಾವೆಲ್ ಏಜೆಂಟರೂ ತಮ್ಮ ಸಿಸ್ಟಮ್‌ನಲ್ಲಿ ಹಿಡಿದು ಕೊಡುತ್ತಾರೆ. ಗಡುವು ಮುಗಿದರೆ ಅದು ತಾನಾಗಿಯೇ ರದ್ದಾಗುತ್ತದೆ. ಆದ್ದರಿಂದ ಅಪಾಯಿಂಟ್‌ಮೆಂಟ್‌ಗೆ ಎರಡು ವಾರ ಮೊದಲೇ ಮಾಡಿಸಿದರೆ ಉಪಯೋಗವಿಲ್ಲ, ಹಿಂದಿನ ದಿನ ಮಾಡಿಸಿ. ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಅಧಿಕಾರಿ ಫೈಲ್ ತೆರೆಯುವ ಹೊತ್ತಿಗೆ ಹೋಲ್ಡ್ ಮುಗಿದಿರಬಹುದು. ಈ ದಾರಿಯ ಮಿತಿ ಅದೇ.

ನನಗೇ ಒಮ್ಮೆ ಏಜೆಂಟರೊಬ್ಬರು ಚೆಂದದ ಪ್ರಿಂಟ್ ಕೊಟ್ಟಿದ್ದರು. ಮನೆಗೆ ಬಂದು ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ಆರು ಅಕ್ಷರದ ಪಿಎನ್‌ಆರ್ ಮತ್ತು ಸರ್‌ನೇಮ್ ಹಾಕಿದೆ. ಅಂಥ ಬುಕಿಂಗೇ ಇಲ್ಲ ಎಂದು ಬಂತು. ಏಜೆಂಟರ ಸಿಸ್ಟಮ್‌ನ ಪಿಎನ್‌ಆರ್ ಬೇರೆ, ವಿಮಾನ ಕಂಪನಿಯದು ಬೇರೆ ಇರುವುದುಂಟು. ಹಾಗಾಗಿ ಕಂಪನಿಯ ಪಿಎನ್‌ಆರ್ ಕೊಡಿ ಎಂದೆ. ಅದು ಅವರ ಹತ್ತಿರ ಇರಲೇ ಇಲ್ಲ, ಕಾಗದ ಸುಮ್ನೆ ಟೈಪ್ ಮಾಡಿದ್ದು. ಅದನ್ನು ಫೈಲಿಗೆ ಸೇರಿಸಿದ್ದರೆ ಕೊಟ್ಟ ಮಾಹಿತಿ ನಂಬುವಂತಿಲ್ಲ ಎಂದು ವೀಸಾ ನಿರಾಕರಿಸಲು ಅಷ್ಟೇ ಸಾಕಾಗಿತ್ತು. ಅಪಾಯಿಂಟ್‌ಮೆಂಟ್ ದಿನ ಬೆಳಿಗ್ಗೆ ನೀವೇ ಹೀಗೆ ಹುಡುಕಿ ನೋಡಿ.

ಎರಡನೆಯದು ರೀಫಂಡ್ ಇರುವ ಟಿಕೆಟ್. ಬೆಲೆ ಜಾಸ್ತಿ, ಆದರೆ ತೀರ್ಮಾನ ಬರುವ ತನಕ ಬುಕಿಂಗ್ ಜೀವಂತವಾಗಿರುತ್ತದೆ. ಕೈಯಲ್ಲಿ ದುಡ್ಡಿದ್ದರೆ ನಾನು ಇದನ್ನೇ ಹೇಳುವುದು. ರೀಫಂಡಬಲ್ ಎಂಬ ಪದ ನೋಡಿ ಮಾತ್ರ ನಂಬಬೇಡಿ. ದರದ ನಿಯಮ ತೆರೆದು, ಒಬ್ಬರಿಗೆ ಎಷ್ಟು ರೂಪಾಯಿ ಕಡಿತ ಎಂದು ಓದಿ. ಬುಕಿಂಗ್ ಸೈಟಿನ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಉಳಿದದ್ದು ಖಾತೆಗೆ ಬರಲು ವಾರಗಳೇ ಹಿಡಿಯಬಹುದು.

ನಮ್ಮ ಕಡೆಯವರಿಗೆ ಹೆಸರಿನದೊಂದು ತೊಡಕು ಇದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇರುತ್ತದೆ, ಇಲ್ಲವೇ ಇನಿಷಿಯಲ್ ಬಿಡಿಸಿದಾಗ ಊರಿನ ಹೆಸರು, ಅಪ್ಪನ ಹೆಸರು ಅಲ್ಲಿಗೆ ಬಂದಿರುತ್ತದೆ. ಟಿಕೆಟ್, ಹೋಟೆಲ್, ಇನ್ಶೂರೆನ್ಸ್ ಮೂರರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಸಿ. ಸರ್‌ನೇಮ್ ಖಾಲಿ ಇದ್ದರೆ ಏನು ಬರೆಯಬೇಕೆಂದು ಆ ವಿಮಾನ ಕಂಪನಿಯನ್ನೇ ಕೇಳಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದಾಗಿರಬೇಕು, ಪ್ರಯಾಣದ ಎಲ್ಲ ದಿನಗಳೂ ಅದರೊಳಗೆ ಬರಬೇಕು. ವೀಸಾ ಸಿಗದಿದ್ದರೆ ಪ್ರೀಮಿಯಂ ವಾಪಸ್ ಕೊಡುತ್ತೀರಾ ಎಂದು ಕೊಳ್ಳುವ ಮೊದಲೇ ಕೇಳಿಬಿಡಿ.

ಫೈಲ್ ಕೊಟ್ಟು ಬಂದ ಸಂಜೆಯೇ ಹೋಟೆಲ್ ಕ್ಯಾನ್ಸಲ್ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾನ್ಸುಲೇಟ್‌ನವರು ಹೋಟೆಲಿಗೆ ಫೋನ್ ಮಾಡಿ ವಿಚಾರಿಸಬಹುದು.

ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಸ್ಟಿಕ್ಕರ್‌ನಲ್ಲಿ ಹೆಸರು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಷ್ಟು ದಿನ ಇರಬಹುದು ಎಂದು ನೋಡಿ. ಎಲ್ಲ ಸರಿ ಇದ್ದರೆ ಆಗ ಕಡಿಮೆ ಬೆಲೆಯ, ವಾಪಸ್ ಇಲ್ಲದ ಟಿಕೆಟ್ ಕೊಳ್ಳಿ. ಅದರ ಕನ್ಫರ್ಮೇಶನ್ ಬಂದ ನಂತರವೇ ಹಳೆಯದನ್ನು ರದ್ದು ಮಾಡಿ. ಹೋಟೆಲ್ ಬದಲಿಸಬೇಕೆಂದಿದ್ದರೂ ಪ್ಯಾರಿಸ್‌ನ ಐದು ರಾತ್ರಿ ಹಾಗೇ ಇರಲಿ. ಗಡಿಯಲ್ಲಿ ಕೇಳಿದರೆ ತೋರಿಸಲು ಹೊಸ ಬುಕಿಂಗಿನ ಪ್ರಿಂಟ್ ಕೈಚೀಲದಲ್ಲೇ ಇಟ್ಟುಕೊಳ್ಳಿ.