ಎರಡು ಲಕ್ಷದ ಬಾಂಡ್‌ಗೆ ಸಹಿ ಹಾಕುವ ಮುಂಚೆ ನಾನು ಮಾಡಿದ್ದು

ಕೊನೆ ಸೆಮಿಸ್ಟರ್‌ನಲ್ಲಿದ್ದಾಗ ಬೆಂಗಳೂರಿನ ಒಂದು ಕಂಪನಿಯಿಂದ ಆಫರ್ ಬಂತು. ಚಿಪ್ ಟೆಸ್ಟಿಂಗ್ ಕೆಲಸ. ಮೊದಲ ಆರು ತಿಂಗಳು ಟ್ರೇನಿಂಗ್, ತಿಂಗಳಿಗೆ 15,000 ಸ್ಟೈಪೆಂಡ್, ಆಮೇಲೆ ಪೂರ್ತಿ ಸಂಬಳ. ಜೊತೆಗೆ ಎಂಟು ಪುಟದ ಸರ್ವಿಸ್ ಬಾಂಡ್: 24 ತಿಂಗಳೊಳಗೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕು. ಹಾಸನದ ಮನೆಯಲ್ಲಿ ಅಪ್ಪ "ಎಲ್ಲರೂ ಹಾಕ್ತಾರೆ, ನೀನೂ ಹಾಕ್ಬಿಡು" ಅಂದರು. ಸೀನಿಯರ್‌ಗಳು "ಬಾಂಡ್ ಎಲ್ಲ ಕೋರ್ಟಲ್ಲಿ ನಿಲ್ಲಲ್ಲ, ಸುಮ್ನೆ ಹೆದರಿಸೋಕೆ" ಅಂದರು. ನನಗೆ ಎರಡೂ ಸಮಾಧಾನ ಆಗಲಿಲ್ಲ. ಅಪ್ಪನ ಪರಿಚಯದ ವಕೀಲರೊಬ್ಬರ ಹತ್ತಿರ ಕಾಗದ ತಗೊಂಡು ಹೋದೆ.

"ನೋಡಮ್ಮ, ನಿಲ್ಲೋದೇ ಇಲ್ಲ ಅನ್ನೋದೂ ತಪ್ಪು, ಬರೆದಷ್ಟೂ ಕಟ್ಟಲೇಬೇಕು ಅನ್ನೋದೂ ತಪ್ಪು" ಅಂದರು. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬಾಂಡ್‌ನಲ್ಲಿ ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟನ್ನೇ ಕೋರ್ಟ್ ಕೊಡಿಸೋದು. ಈಗಂತೂ 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷ, ಎರಡು ಲಕ್ಷದ ಬಾಂಡನ್ನು ಎತ್ತಿ ಹಿಡಿದಿದೆ. ನಮ್ಮ ಹೈಕೋರ್ಟ್ ಉದ್ಯೋಗಿಯ ಪರ ಕೊಟ್ಟಿದ್ದ ತೀರ್ಪೇ ಅಲ್ಲಿ ಬಿದ್ದುಹೋಯಿತು. ಅದು ಸರ್ಕಾರಿ ಬ್ಯಾಂಕು, ಹೊಸಬರನ್ನು ತಗೊಳ್ಳಲು ದೊಡ್ಡ ಪರೀಕ್ಷೆ ನಡೆಸಬೇಕು ಅನ್ನೋ ಕಾರಣ ಆ ತೀರ್ಪಿನಲ್ಲಿ ಮುಖ್ಯ. ಹಾಗಂತ ಖಾಸಗಿ ಕಂಪನಿ ಬಾಂಡ್‌ಗೆ ಬೆಲೆಯೇ ಇಲ್ಲ ಅಂದುಕೊಳ್ಳಬೇಡಿ.

ಆಮೇಲೆ ವಕೀಲರು ಪೆನ್ಸಿಲ್ ತಗೊಂಡು ಮೂರನೇ ಪುಟದ ಒಂದು ಪದದ ಕೆಳಗೆ ಗೆರೆ ಎಳೆದರು. "ಕನ್ಫರ್ಮೇಶನ್ ದಿನದಿಂದ 24 ತಿಂಗಳು" ಅಂತ ಇತ್ತು. ನಾನು ಹತ್ತು ಸಲ ಓದಿದ್ದರೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ಟ್ರೇನಿಂಗ್‌ನ ಆರು ತಿಂಗಳು ಲೆಕ್ಕಕ್ಕೇ ಇಲ್ಲ, ಅಂದರೆ ಬಾಂಡ್ ನಿಜವಾಗಿ 30 ತಿಂಗಳು, ಕನ್ಫರ್ಮೇಶನ್ ತಡ ಮಾಡಿದರೆ ಇನ್ನೂ ಜಾಸ್ತಿ. ಇನ್ನೊಂದು, ಒಂದೇ ತಿಂಗಳು ಬಾಕಿ ಇದ್ದಾಗ ಬಿಟ್ಟರೂ ಪೂರ್ತಿ ಎರಡು ಲಕ್ಷ. ಅದರ ಮೇಲೆ, ಟ್ರೇನಿಂಗ್ ಪರೀಕ್ಷೆಯಲ್ಲಿ ಪಾಸಾಗದೆ ಕಂಪನಿಯೇ ಕಳಿಸಿದರೂ ದುಡ್ಡು ನಾನೇ ಕಟ್ಟಬೇಕು!

ಕೊನೆ ಪುಟದಲ್ಲಿ ಸಹಿ ಮಾಡಿದ ಖಾಲಿ ಚೆಕ್ ಮತ್ತು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದ್ದರು. ವಕೀಲರು ಜಾಸ್ತಿ ಹೊತ್ತು ಮಾತಾಡಿದ್ದು ಇದರ ಬಗ್ಗೆಯೇ. ಬಾಂಡ್ ದುಡ್ಡು ಬೇಕಾದರೆ ಕಂಪನಿ ಸಿವಿಲ್ ದಾವೆ ಹೂಡಿ, ಖರ್ಚು ತೋರಿಸಬೇಕು. ಚೆಕ್ ಕೈಯಲ್ಲಿದ್ದರೆ ಮೊತ್ತ ತುಂಬಿ ಬ್ಯಾಂಕಿಗೆ ಹಾಕಬಹುದು, ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೆಳಗೆ ಕ್ರಿಮಿನಲ್ ಕೇಸ್. ಅಷ್ಟು ಸಾಲ ಇರಲಿಲ್ಲ ಅಂತ ಆಗ ನಾನು ಕೋರ್ಟಿಗೆ ಅಲೆದು ತೋರಿಸಬೇಕು. ಚೆಕ್ಕಾಗಲಿ ಒರಿಜಿನಲ್ಲಾಗಲಿ ಕೊಡಬಾರದು ಅಂತ ಅಲ್ಲೇ ತೀರ್ಮಾನ ಮಾಡಿದೆ, ಆಫರ್ ಹೋದರೂ ಸರಿ.

ಎಚ್‌ಆರ್ ಮೇಡಂಗೆ ಫೋನ್ ಮಾಡದೆ ಮೇಲ್ ಬರೆದೆ, ಉತ್ತರ ಬರಹದಲ್ಲಿ ಇರಲಿ ಅಂತ. ಟ್ರೇನಿಂಗ್‌ಗೆ ಒಬ್ಬರಿಗೆ ಆಗುವ ಖರ್ಚು ಎಷ್ಟು, ಅವಧಿಯನ್ನು ಸೇರಿದ ದಿನದಿಂದ ಎಣಿಸಬಹುದಾ, ಕೆಲಸ ಮಾಡಿದ ತಿಂಗಳಿಗೆ ತಕ್ಕಂತೆ ಮೊತ್ತ ಇಳಿಯುವ ಹಾಗೆ ಬರೆಯಬಹುದಾ, ಕಂಪನಿಯೇ ತೆಗೆದರೆ ಬಾಂಡ್ ರದ್ದಾಗುತ್ತಾ ಅಂತ ಕೇಳಿದೆ. ಒಂಬತ್ತು ದಿನ ಉತ್ತರವಿಲ್ಲ. ಆ ಒಂಬತ್ತು ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹತ್ತನೇ ದಿನ ತಿದ್ದಿದ ಬಾಂಡ್ ಬಂತು. ಲ್ಯಾಬ್, ಟ್ರೇನರ್, ಸಾಫ್ಟ್‌ವೇರ್ ಲೈಸೆನ್ಸ್ ಎಲ್ಲ ಸೇರಿ 1,20,000 ಅಂತ ತೋರಿಸಿ, ಮೊತ್ತವನ್ನು ಅಷ್ಟಕ್ಕೇ ಇಳಿಸಿದ್ದರು. ಸೇರಿದ ದಿನದಿಂದ 24 ತಿಂಗಳು, ಪ್ರತಿ ತಿಂಗಳಿಗೆ 5,000 ಕಡಿಮೆ. ಚೆಕ್ ಕೈಬಿಟ್ಟರು, ಒರಿಜಿನಲ್ ತೋರಿಸಿ ವಾಪಸ್ ತಗೊಂಡರೆ ಸಾಕು ಅಂದರು. ಕಂಪನಿ ತೆಗೆದರೆ ಬಾಂಡ್ ಇಲ್ಲ ಅನ್ನೋದಕ್ಕೆ "ನಡತೆಯ ಕಾರಣ ಬಿಟ್ಟು" ಅಂತ ಸೇರಿಸಿದರು, ಅದು ನ್ಯಾಯವೇ ಅನ್ನಿಸಿ ಒಪ್ಪಿದೆ. ಎಲ್ಲ ಕಂಪನಿಯೂ ಹೀಗೆ ಬಗ್ಗಲ್ಲ. ನನ್ನ ರೂಮ್‌ಮೇಟ್ ಇಂಥದ್ದೇ ಮೇಲ್ ಬರೆದಾಗ ಇನ್ನೊಂದು ಕಂಪನಿ ಆಫರನ್ನೇ ವಾಪಸ್ ತಗೊಂಡಿತು.

ಹದಿನೇಳು ತಿಂಗಳಾದ ಮೇಲೆ ನಾನು ಬಿಟ್ಟೆ, ಅಮ್ಮನ ಆರೋಗ್ಯಕ್ಕೋಸ್ಕರ ಊರಿನ ಹತ್ತಿರ ಬರಬೇಕಿತ್ತು. ಏಳು ತಿಂಗಳು ಬಾಕಿ, 35,000. ಮೊದಲಿನ ಕಾಗದದ ಪ್ರಕಾರ ಆಗಿದ್ದರೆ ಅದೇ ದಿನ ಎರಡು ಲಕ್ಷ ಕೇಳುತ್ತಿದ್ದರು. ನೋಟಿಸ್ ಅವಧಿ ಪೂರ್ತಿ ಮಾಡಿದೆ. ಕೊನೆಯ ಸಂಬಳದಲ್ಲಿ ಹಿಡಿದುಕೊಳ್ಳಿ ಅಂತ ಮೇಲ್‌ನಲ್ಲೇ ಒಪ್ಪಿಗೆ ಕೊಟ್ಟೆ. ರಿಲೀವಿಂಗ್ ಲೆಟರ್ ಬಂತು. ಅದರ ಜೊತೆ "ಬಾಂಡ್ ಬಾಕಿ ಏನೂ ಇಲ್ಲ" ಅಂತ ಒಂದು ಸಾಲು ಬೇರೆ ಕಾಗದದಲ್ಲಿ ಬರೆಸಿಕೊಂಡೆ, ಸೀಲ್ ಹಾಕಿಸಿ. ಆ ಕಾಗದ ಮಾರ್ಕ್ಸ್ ಕಾರ್ಡ್ ಇಟ್ಟಿರುವ ಫೈಲಿನಲ್ಲೇ ಇದೆ.